ಫೋಟೊದಲ್ಲಿರುವವರೆಲ್ಲ ‘ಸಿಗ್ನಲ್ ಹತ್ರ ಇದ್ದೀನಿ’ ಅಂದವರೇ

ಬೆಂಗಳೂರಿನ ಔಟರ್ ರಿಂಗ್ ರೋಡಿನ ಇಬ್ಲೂರು, ಬೆಳಿಗ್ಗೆ 9 ಗಂಟೆ 10 ನಿಮಿಷ. 500-ಡಿ ಬಸ್ಸಿನ ಕಿಟಕಿಯಿಂದ ತೆಗೆದದ್ದು. ಚಿತ್ರ ಇಷ್ಟು ನಿಚ್ಚಳವಾಗಿ ಬಂದಿರುವುದಕ್ಕೆ ಒಳ್ಳೆಯ ಕ್ಯಾಮೆರಾ ಕಾರಣ ಅಲ್ಲ. ಬಸ್ಸು ಅಲುಗಾಡಲಿಲ್ಲ, ಪಕ್ಕದ ಕಾರು ಅಲುಗಾಡಲಿಲ್ಲ, ಕಣ್ಣಿಗೆ ಕಾಣುವಷ್ಟು ದೂರ ಯಾವುದೂ ಅಲುಗಾಡಲಿಲ್ಲ.

ಎಡಗಡೆಯ ಬಿಳಿ ಕಾರು ನೋಡಿ. ಏಳು ಸೀಟಿನದು, ಒಳಗಿರುವವರು ಒಬ್ಬರು. ಅದರ ಹಿಂದಿನದರಲ್ಲೂ ಒಬ್ಬರು. ಅಣ್ಣಾ, ಖಾಲಿ ಇರೋ ಆರು ಸೀಟಿಗೂ ಒಂಬತ್ತೂವರೆಗೆ ಮೀಟಿಂಗ್ ಇದೆಯಾ? ಬೇಜಾರು ಮಾಡ್ಕೋಬೇಡಿ. ನಿಮ್ಮ ಮೇಲೆ ಸಿಟ್ಟಿಲ್ಲ. ಮನೆಯಿಂದ ಬಸ್ ಸ್ಟಾಪಿನವರೆಗೆ ನಡೆಯಲು ನೆಟ್ಟಗಿನ ಫುಟ್‌ಪಾತ್ ಇಲ್ಲದ ಊರಲ್ಲಿ ಕಾರು ತೆಗೆದುಕೊಂಡಿರಿ, ಅಷ್ಟೇ.

ಬಲಗಡೆ ಹಸಿರು ಬೋರ್ಡ್ ಹಿಡಿದು ನಿಂತಿರೋದು ಮೆಟ್ರೊ ಕಾಮಗಾರಿ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದ ತನಕ ಬರುವ ನೀಲಿ ಮಾರ್ಗ. ಬರಲಿ, ಬೇಗ ಬರಲಿ, ಕಾಯುವವರಲ್ಲಿ ನಾನೂ ಒಬ್ಬಳು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಶುರುವಾದಾಗ ಎಲೆಕ್ಟ್ರಾನಿಕ್ ಸಿಟಿಯ ಗೆಳತಿಯರ ಮುಖದಲ್ಲಿ ಕಂಡ ಕಳೆ ನಮ್ಮ ರಿಂಗ್ ರೋಡಿನವರಿಗೂ ಬರಬೇಕು. ಅಲ್ಲಿಯವರೆಗೆ ಬ್ಯಾರಿಕೇಡ್ ಬಿಟ್ಟು ಉಳಿದ ಜಾಗದಲ್ಲಿ ಕಾರು, ಬಸ್ಸು, ಆಟೊ, ಟ್ಯಾಂಕರ್, ಶಾಲೆಯ ವ್ಯಾನು ಎಲ್ಲ ಹೊಂದಿಕೊಂಡು ಹೋಗಬೇಕಂತೆ. ಹೊಂದಿಕೊಂಡಿದ್ದೇವೆ. ಹೋಗೋದೊಂದೇ ಬಾಕಿ.

ಈ ರಸ್ತೆ ಹುಟ್ಟಿದ್ದೇ ಊರೊಳಗೆ ಕೆಲಸವಿಲ್ಲದ ಲಾರಿಗಳು ಹೊರಗಿಂದಲೇ ಸುತ್ತಿ ಹೋಗಲಿ ಅಂತ. ಆಮೇಲೆ ಬೆಳ್ಳಂದೂರು, ದೇವರಬೀಸನಹಳ್ಳಿ, ಕಾಡುಬೀಸನಹಳ್ಳಿ, ಮಾರತ್ತಹಳ್ಳಿ, ಮಹದೇವಪುರ ಅಂತ ಉದ್ದಕ್ಕೂ ಆಫೀಸುಗಳು ಎದ್ದು, ಬೈಪಾಸೇ ಎಲ್ಲರೂ ಬಂದು ಸೇರುವ ಜಾಗ ಆಯಿತು. ಇಬ್ಲೂರಿನಲ್ಲಿ ಸರ್ಜಾಪುರ ರಸ್ತೆಯ ಜನವೂ ಬಂದು ಕೂಡಿಕೊಳ್ಳುತ್ತಾರೆ. ರಿಂಗ್ ರೋಡಿನಲ್ಲಿ ಮೇಲ್ಸೇತುವೆಗಳಿಗೇನೂ ಬರ ಇಲ್ಲ. ಮೇಲೆ ಹತ್ತುವಾಗ ಗಾಳಿಯ ಹಾಗೆ ಹೋಗುತ್ತೀರಿ. ಇಳಿದ ಕೂಡಲೇ ಸರ್ವಿಸ್ ರಸ್ತೆಯವರು ಎಡದಿಂದ ನುಗ್ಗುತ್ತಾರೆ, ಕೆಲವು ಕಡೆ ಬಸ್ ಸ್ಟಾಪೂ ಅಲ್ಲೇ, ಆಟೊಗಳೂ ಅಲ್ಲೇ. ಸಿಗ್ನಲ್ ತಪ್ಪಿಸಿ ಉಳಿಸಿದ ಎರಡು ನಿಮಿಷವನ್ನು ಅಲ್ಲಿ ಬಡ್ಡಿ ಸಮೇತ ಕಟ್ಟಬೇಕು.

ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ. ಸರಾಸರಿ ಅಂದರೆ ಅದರಲ್ಲಿ ಭಾನುವಾರವೂ ಇದೆ, ನಡುರಾತ್ರಿಯೂ ಇದೆ. ಸೋಮವಾರ ಬೆಳಿಗ್ಗೆ ಅಗರದಿಂದ ಮಾರತ್ತಹಳ್ಳಿಗೆ ಹೋಗುವವರು ಈ ಅಂಕಿ ನೋಡಿ ‘ಅಷ್ಟು ಬೇಗನಾ?’ ಅಂತಾರೆ.

ಈಗ ಫೋಟೊದಲ್ಲಿ ಇಲ್ಲದವರ ವಿಷಯ. ನನ್ನ ಪಕ್ಕದ ಸೀಟಿನ ಅಕ್ಕ ಬೊಮ್ಮನಹಳ್ಳಿ ಕಡೆಯವರು. ದೇವರಬೀಸನಹಳ್ಳಿಯ ಒಂದು ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸ. ಮಡಿಲಲ್ಲಿ ಸ್ಟೀಲ್ ಡಬ್ಬಿ ಇದ್ದ ಬಟ್ಟೆ ಚೀಲ. ಕೈಯಲ್ಲಿ ಶಕ್ತಿ ಯೋಜನೆಯ ಫ್ರೀ ಟಿಕೆಟ್ಟು, ಮಡಚಿ ಮಡಚಿ ಬೆರಳಷ್ಟು ಸಣ್ಣದಾಗಿತ್ತು. ‘ಲೇಟಾದ್ರೆ ಅರ್ಧ ದಿನದ ಸಂಬಳ ಹಿಡೀತಾರೆ ಕಣಮ್ಮಾ’ ಅಂದರು. ಸೂಪರ್‌ವೈಸರ್‌ಗೆ ಫೋನ್ ಮಾಡಿ ‘ಸಾರ್, ಬೆಳ್ಳಂದೂರು ದಾಟಿದ್ವಿ’ ಅಂದರು. ಬೆಳ್ಳಂದೂರು ಇನ್ನೂ ಮುಂದಿತ್ತು. ಅವರ ಹಿಂದೆ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡಿದ್ದ ಹುಡುಗ ಇಂಗ್ಲಿಷಿನಲ್ಲಿ ತನ್ನ ಮ್ಯಾನೇಜರ್‌ಗೆ ಅದೇ ಸುಳ್ಳು ಹೇಳುತ್ತಿದ್ದ. ವ್ಯತ್ಯಾಸ ಇಷ್ಟೇ, ಅವನು ಬಸ್ಸಲ್ಲೇ ಲ್ಯಾಪ್‌ಟಾಪ್ ತೆಗೆದು ಮೀಟಿಂಗಿಗೆ ಸೇರಿಕೊಂಡ. ನೆಲ ಒರೆಸುವ ಕೆಲಸಕ್ಕೆ ವರ್ಕ್ ಫ್ರಮ್ ಹೋಮ್ ಇಲ್ಲ.

ಫೋಟೊ ತೆಗೆದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಆಂಬುಲೆನ್ಸ್ ಸೈರನ್ ಕೇಳಿಸಿತು. ನಮ್ಮ ಡ್ರೈವರ್ ಬಸ್ಸನ್ನು ಎಡಕ್ಕೆ ಕರ್ಬ್‌ಗೆ ತಾಗುವಷ್ಟು ಒತ್ತಿದರು. ಕಂಡಕ್ಟರ್ ಬಾಗಿಲಿಂದ ಅರ್ಧ ಮೈ ಹೊರಗೆ ಹಾಕಿ ‘ಏಯ್ ಸ್ಕೂಟರ್, ಮುಂದೆ ತಗೊಳ್ಳಮ್ಮಾ, ಆಟೋ, ಇನ್ನೊಂದ್ ಸ್ವಲ್ಪ’ ಅಂತ ಒಂದೊಂದೇ ಗಾಡಿಯನ್ನು ಜರುಗಿಸಿದರು. ಆ ಏಳು ಸೀಟಿನ ಬಿಳಿ ಕಾರಿನವರೂ ಕಿಟಕಿ ಇಳಿಸಿ, ಕನ್ನಡಿ ಮಡಚಿ, ಹಿಂದೆ ಮುಂದೆ ಮಾಡಿ ಜಾಗ ಬಿಟ್ಟರು. ಯಾರಿಗೂ ಮನಸ್ಸಿಲ್ಲ ಅಂತಲ್ಲ. ಮನಸ್ಸಿದ್ದರೂ ಸರಿಯಲು ಜಾಗವೇ ಇರಲಿಲ್ಲ. ಆಂಬುಲೆನ್ಸ್ ನಮ್ಮ ಬಸ್ಸಿನ ಉದ್ದ ದಾಟಲು ತೆಗೆದುಕೊಂಡ ಹೊತ್ತಿನಲ್ಲಿ ಅಕ್ಕ ಎರಡು ಸಲ ಕೈ ಮುಗಿದರು. ಒಳಗೆ ಯಾರಿದ್ದರೋ. ಇದರ ಬಗ್ಗೆ ಕೊಂಕು ಆಡಲು ನನಗೆ ನಾಲಿಗೆ ಏಳಲ್ಲ.

ಅದಕ್ಕೇ ಹಳೆಯದೊಂದನ್ನು ಮತ್ತೆ ಕೇಳುತ್ತಿದ್ದೇನೆ. 2019ರ ಅಕ್ಟೋಬರ್‌ನಲ್ಲಿ ಇದೇ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿ ಕಡೆಗೆ, ಬಸ್ಸಿಗೇ ಅಂತ ಒಂದು ಲೇನ್ ಬಿಟ್ಟಿದ್ದರು. ಗಿಡ್ಡ ಕಂಬ ನೆಟ್ಟು ಬೇರೆ ಮಾಡಿದ್ದರು. ಆಂಬುಲೆನ್ಸಿಗೂ ಅದೇ ದಾರಿ. ಸಾಲುಸಾಲು ಕಾರುಗಳ ಪಕ್ಕದಲ್ಲಿ ಬಸ್ಸು ತನ್ನ ಪಾಡಿಗೆ ತಾನು ಹೋಗುವುದನ್ನು ಬೆಂಗಳೂರು ನೋಡಿತ್ತು. ಆಮೇಲೆ ಕೊರೊನಾ ಬಂತು, ಮೆಟ್ರೊ ಕೆಲಸ ಬಂತು, ಕಂಬಗಳು ಹೋದವು. ಈಗ ನಮ್ಮ ಬಸ್ಸೂ ಎಲ್ಲರ ಜೊತೆ ಸಮಾನತೆಯಿಂದ ನಿಂತಿದೆ.

ಬಸ್ಸು ಮೂರು ಕಾರಿನಷ್ಟು ಜಾಗ ಹಿಡಿಯುತ್ತದೆ. ಫೋಟೊದಲ್ಲಿ ನಮ್ಮ ಅಕ್ಕಪಕ್ಕದ ಮೂರು ಕಾರು ಸೇರಿಸಿದರೆ ನಾಲ್ಕು ಜನ. ನಮ್ಮ ಬಸ್ಸಲ್ಲಿ ಕೂತವರು, ನಿಂತವರು, ಫುಟ್‌ಬೋರ್ಡ್ ಮೇಲೆ ಜೋತವರು ಸೇರಿ ಅರವತ್ತಕ್ಕೆ ಕಡಿಮೆ ಇರಲಿಲ್ಲ. ಅರವತ್ತು ಜನ ನಾಲ್ಕು ಜನರ ಹಿಂದೆ ನಿಂತಿದ್ದರು. ಲೆಕ್ಕ ಇಷ್ಟೇ, ಇದಕ್ಕೆ ತಜ್ಞರ ಸಮಿತಿ ಬೇಡ.

ಮೆಟ್ರೊ ಕಂಬಗಳ ಕೆಲಸ ಮುಗಿದ ಕಡೆ ಬ್ಯಾರಿಕೇಡ್ ತೆಗೆಯುತ್ತಾ ಬಂದ ಹಾಗೆ ಆ ಜಾಗವನ್ನು ಮೊದಲು ಬಸ್ಸಿಗೆ ಕೊಡಿ. ಕಾರಿಗೆ ಕೊಟ್ಟರೆ ಒಂದೇ ವಾರದಲ್ಲಿ ತುಂಬಿ ಇದೇ ಫೋಟೊ ಮತ್ತೆ ಬರುತ್ತದೆ, ಇನ್ನೊಂದು ಸಾಲು ಹೆಚ್ಚಾಗಿ. ಮೆಟ್ರೊ ಬಂದ ಮೇಲೂ ಸ್ಟೇಷನ್‌ನಿಂದ ಆಫೀಸಿಗೆ, ಸ್ಟೇಷನ್‌ನಿಂದ ಮನೆಗೆ ಕರೆದುಕೊಂಡು ಹೋಗಲು ಬಸ್ಸೇ ಬೇಕು.

ಬಿಳಿ ಕಾರಿನ ಅಣ್ಣಾ, ಈ ಪೋಸ್ಟ್ ನಿಮ್ಮ ಕಣ್ಣಿಗೆ ಬಿದ್ದರೆ: ಜಾಗ ಬಿಟ್ಟಿದ್ದಕ್ಕೆ ಥ್ಯಾಂಕ್ಸ್. ಗಾಡಿ ನಂಬರ್ ಮಸುಕು ಮಾಡಿದ್ದೀನಿ, ಚಿಂತೆ ಬೇಡ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳ್ಳಂದೂರಿನ ಕಡೆಗೇ ಹೋಗುವವರು ಇನ್ನಿಬ್ಬರಾದರೂ ಇದ್ದೇ ಇರುತ್ತಾರೆ, ಗ್ರೂಪಲ್ಲಿ ಒಂದು ಮೆಸೇಜ್ ಹಾಕಿ ನೋಡಿ. ಬಸ್ ಲೇನ್ ವಾಪಸ್ ಬಂದ ದಿನ ಕಾರು ಮನೆಯಲ್ಲೇ ಬಿಟ್ಟು ಬನ್ನಿ. ಕಿಟಕಿ ಸೀಟು ನಿಮಗೇ.

#ಬಸ್‌ಲೇನ್‌ವಾಪಸ್‌ಕೊಡಿ #ಇಬ್ಲೂರು #ರಿಂಗ್‌ರೋಡ್ #ಸಿಗ್ನಲ್‌ಹತ್ರಇದ್ದೀನಿ