ವಿಷಯ: ನಿಮ್ಮ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುವ ಕ್ರಮ

ಸಾವಿತ್ರಮ್ಮನವರಿಗೆ ನಮಸ್ಕಾರ,

ನೀವು ಕಳಿಸಿದ ಫೋಟೋ ನೋಡಿದೆ. ನೀರಿನ ಮಟ್ಟ ತೋರಿಸುವ ಆರು ಕಡ್ಡಿಗಳಲ್ಲಿ ನಾಲ್ಕು ಕೆಂಪು ಗುರುತಿಗೆ ಇಳಿದಿವೆ. ಬ್ಯಾಟರಿ ಕೆಟ್ಟಿಲ್ಲ, ನೀರು ಕಮ್ಮಿಯಾಗಿದೆ ಅಷ್ಟೇ. ನಮ್ಮ ಹುಡುಗ ತಿಪಟೂರಿನಿಂದ ನಿಮ್ಮ ಊರಿಗೆ ಬರುವುದು ಸೋಮವಾರವೇ. ಅಲ್ಲಿಯವರೆಗೆ ಕಾಯಬೇಡಿ, ನೀವೇ ಹಾಕಬಹುದು. ಹಗಲಲ್ಲೇ ಮಾಡಿ. ಮೊದಲು ಬಳೆ, ಉಂಗುರ ತೆಗೆದಿಟ್ಟು ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಬ್ಯಾಟರಿ ದೇವರ ಗೂಡಿನ ಪಕ್ಕದಲ್ಲೇ ಇದೆ ಅಲ್ವಾ? ದೀಪ, ಊದುಬತ್ತಿ ಆರಿಸಿ, ಕಿಟಕಿ ತೆಗೆಯಿರಿ. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಗ್ಯಾಸ್‌ಗೆ ಒಂದು ಕಿಡಿ ಸಾಕು.

1. ಇನ್ವರ್ಟರ್ ಮುಂದಿನ ಸ್ವಿಚ್ ಆಫ್ ಮಾಡಿ. ಆಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ.
ಆಗಬೇಕಾದ್ದು: ಇನ್ವರ್ಟರ್ ಲೈನಿನ ಫ್ಯಾನ್, ಲೈಟ್ ನಿಲ್ಲಬೇಕು. ಫ್ಯಾನ್ ಇನ್ನೂ ತಿರುಗುತ್ತಿದ್ದರೆ ಮುಂದಿನ ಸ್ವಿಚ್ ಆಫ್ ಆಗಿಲ್ಲ. ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ.

2. ಬ್ಯಾಟರಿ ಮೇಲಿನ ಧೂಳನ್ನು ಒಣ ಬಟ್ಟೆಯಿಂದ ಒರೆಸಿ.
ಆಗಬೇಕಾದ್ದು: ಮುಚ್ಚಳ ತೆಗೆದಾಗ ಒಳಗೆ ಕಸ ಬೀಳಬಾರದು.

3. ಕಡ್ಡಿ ಕೆಂಪಿಗೆ ಇಳಿದಿರುವ ಒಂದು ಮುಚ್ಚಳವನ್ನು ಕಡ್ಡಿ ಸಮೇತ ಬಿಚ್ಚಿ.
ಆಗಬೇಕಾದ್ದು: ತೂತು ಕಾಣುತ್ತದೆ, ಸ್ವಲ್ಪ ಘಾಟು ಬರಬಹುದು. ಬಗ್ಗಿ ಮೂಸಬೇಡಿ. ಒಳಗಿರುವುದು ಆಸಿಡ್. ಕೈಗೆ ತಾಗಿದರೆ ತಕ್ಷಣ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಣ್ಣಿಗೆ ಸಿಡಿದರೆ ತೊಳೆಯುತ್ತಲೇ ಇದ್ದು ಡಾಕ್ಟರ ಹತ್ತಿರ ಹೋಗಿ.

4. ಪ್ಲಾಸ್ಟಿಕ್ ಆಲಿಕೆ ಇಟ್ಟು ಡಿಸ್ಟಿಲ್ಡ್ ವಾಟರ್ ಸ್ವಲ್ಪ ಸ್ವಲ್ಪವೇ ಹಾಕಿ. ಪ್ರತಿ ಸಲ ನಿಲ್ಲಿಸಿ, ಮುಚ್ಚಳವನ್ನು ಕೂರಿಸಿ ಕಡ್ಡಿ ನೋಡಿ.
ಆಗಬೇಕಾದ್ದು: ಕಡ್ಡಿ ಮೇಲೆದ್ದು ಹಸಿರು ಗುರುತಿಗೆ ಬರಬೇಕು. ಬಂದ ಕೂಡಲೇ ಸಾಕು. "ಇನ್ನೊಂಚೂರು ಇರಲಿ" ಅಂತ ಹಾಕಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ನೆಲ ಹಾಳಾಗುತ್ತದೆ. ಹಾಕುವವರಲ್ಲಿ ಜಾಸ್ತಿ ಜನ ತಪ್ಪುವುದು ಇಲ್ಲೇ.

ಬೋರ್‌ವೆಲ್ ನೀರು, ಫಿಲ್ಟರ್ ನೀರು ಬೇಡ. ಅದರಲ್ಲಿರುವ ಉಪ್ಪು ಪ್ಲೇಟ್ ಹಾಳುಮಾಡುತ್ತದೆ. ಅಂಗಡಿಯವರು ಆಸಿಡ್ ಕೊಡ್ತೀನಿ ಅಂದರೂ ತರಬೇಡಿ. ಆವಿಯಾಗಿ, ಗ್ಯಾಸ್ ಆಗಿ ಹೋಗಿರುವುದು ನೀರು ಮಾತ್ರ, ಆಸಿಡ್ ಒಳಗೇ ಇದೆ.

5. ಕೆಂಪಿಗೆ ಇಳಿದಿರುವ ಉಳಿದ ಮೂರಕ್ಕೂ ಒಂದೊಂದಾಗಿ ಹೀಗೇ ಮಾಡಿ. ಹಸಿರಿನಲ್ಲೇ ಇರುವ ಎರಡಕ್ಕೆ ಹಾಕಬೇಡಿ.
ಆಗಬೇಕಾದ್ದು: ಆರೂ ಕಡ್ಡಿ ಹಸಿರಿನಲ್ಲಿ, ಮುಚ್ಚಳಗಳೆಲ್ಲ ಬಿಗಿ. ಚೆಲ್ಲಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಎಸೆದುಬಿಡಿ.

6. ಪ್ಲಗ್ ಹಾಕಿ, ಗೋಡೆಯ ಸ್ವಿಚ್ ಆನ್ ಮಾಡಿ, ಕೊನೆಗೆ ಇನ್ವರ್ಟರ್ ಸ್ವಿಚ್.
ಆಗಬೇಕಾದ್ದು: ಚಾರ್ಜಿಂಗ್ ದೀಪ ಹತ್ತಬೇಕು. ಒಳಗೆ ಗುಳುಗುಳು ಸದ್ದು ಬಂದರೆ ಹೆದರಬೇಡಿ.

ಬ್ಯಾಟರಿ ಉಬ್ಬಿದರೆ, ಕೈ ಇಡಲಾಗದಷ್ಟು ಬಿಸಿಯಾದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಎಲ್ಲರೂ ಆಚೆ ಬಂದು ಅಂಗಡಿಗೆ ಫೋನ್ ಮಾಡಿ. ಎಲ್ಲ ಸರಿಯಾದರೆ ಆರು ಕಡ್ಡಿಗಳ ಫೋಟೋ ಕಳಿಸಿ, ಸೋಮವಾರದ ಭೇಟಿ ರದ್ದು ಮಾಡುತ್ತೇನೆ.

ಇಂತಿ,
ರಮೇಶ್
ಬ್ಯಾಟರಿ ಸರ್ವೀಸ್, ತಿಪಟೂರು