ಮಿಡಿಗೆ ಉಪ್ಪು

ಶಿರಸಿ
ಮಾರ್ಚ್ 28

ಅತ್ತೆಯವರಿಗೆ ಸುಮಾ ಮಾಡುವ ನಮಸ್ಕಾರಗಳು.

ಫೋನ್ ಮಾಡೋಣ ಅಂತ ಎರಡು ಸಲ ಕೈಗೆತ್ತಿಕೊಂಡೆ. ಮೊನ್ನೆಯ ಹಾಗೆ ನಾನೊಂದು ಹೇಳಿ, ನಿಮಗೊಂದು ಕೇಳಿಸಿದರೆ ಕಷ್ಟ ಅಂತ ಇಟ್ಟುಬಿಟ್ಟೆ. ನಾಳೆ ಇವರು ಕುಮಟೆಗೆ ಬರುತ್ತಾರೆ, ಅವರ ಕೈಲಿ ಈ ಕಾಗದ ಕೊಟ್ಟಿದ್ದೇನೆ. ಅತ್ತಿಗೆ ಎದುರಿಗೆ ಓದಿದರೂ ಅಡ್ಡಿಯಿಲ್ಲ.

ಮಿಡಿಯವನಿಗೆ ನಾನು 'ಬೇಡ' ಅನ್ನಲಿಲ್ಲ ಅತ್ತೆ. 'ಅತ್ತೆಗೆ ಕೈನೋವು, ಈ ಸಲ ಎರಡು ಸಾವಿರ ಬೇಡ, ಐನೂರು ಸಾಕು' ಅಂದೆ. ಅದು ನಿಮ್ಮ ಕಿವಿಗೆ ಬರುವ ಹೊತ್ತಿಗೆ 'ಸೊಸೆ ಅಪ್ಪೆಮಿಡಿ ಹಾಕೋದೇ ಬೇಡ ಅಂದಳು' ಅಂತಾಗಿತ್ತು. ಅದೇ ದಿನ ಉಗ್ರಾಣದಲ್ಲಿ ಭರಣಿಗಳೂ ಕಾಣಲಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ತಿಳೀತಿದ್ದೆ. ಇರುವೆ ಸಾಲು ಹಿಡಿದಿತ್ತು ಅಂತ ತೊಳೆದು, ಅಟ್ಟದ ಮೇಲೆ ಬಿಸಿಲು ಬೀಳುವ ಕಡೆ ಬೋರಲು ಹಾಕಿದ್ದೆ, ಅಷ್ಟೇ. ನಿಮ್ಮ ಅಮ್ಮ ಕೊಟ್ಟ ಕಂದು ಭರಣಿಗೆ ಒಂದು ಗೀರೂ ಬಿದ್ದಿಲ್ಲ.

ತಪ್ಪು ನನ್ನದೇ, ಅದು ಬೇರೆ ಮಾತು. ನಿಮ್ಮ ಕೈನೋವಿನ ಲೆಕ್ಕ ನಾನೇ ಹಾಕಿ, ಎಷ್ಟು ಮಿಡಿ ಅಂತ ನಾನೇ ನಿರ್ಧಾರ ಮಾಡಿದ್ದು ಸರಿಯಲ್ಲ. ಹೋದ ವರ್ಷ ರಾತ್ರಿ ಹೆಬ್ಬೆರಳಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ರಲ್ಲ, ಅದು ಕಣ್ಣಿಗೆ ಕಟ್ಟಿತ್ತು. ಆದರೂ ಮೊದಲು ನಿಮ್ಮನ್ನು ಕೇಳಬೇಕಿತ್ತು. ಒಂದೇ ಒಂದು ಬೇಜಾರು ನನಗೂ ಇದೆ, ಹೇಳಿಬಿಡ್ತೀನಿ. 'ಇನ್ನು ಮನೆ ನಿನ್ನದೇ, ನಡೆಸ್ಕೊ' ಅಂದು ಚೀಲ ಹಿಡಿದು ಹೊರಟಿರಲ್ಲ, ಆ ಮಾತು ಚುಚ್ಚಿತು. ಹೊರಡೋ ಮುಂಚೆ 'ಯಾಕೆ ಹೀಗೆ ಮಾಡಿದೆ' ಅಂತ ಗದರಿದ್ದರೂ ಸಾಕಿತ್ತು.

ಮಾವ ಏನೂ ಅನ್ನುವುದಿಲ್ಲ. ನಿನ್ನೆ ನಾನು ಮಾಡಿದ ತಂಬುಳಿ ಉಂಡು, 'ಚಲೋ ಆಜು' ಅಂದರು. ಆದರೆ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ! ಪುಟ್ಟ ದಿನಾ ಜಗಲಿಯಲ್ಲಿ ಕೂತು ಬಸ್ಸಿನ ಹಾರ್ನ್ ಕೇಳಿದಾಗೆಲ್ಲ ಓಡುತ್ತಾನೆ.

ಮಿಡಿಯವನು ಬುಧವಾರ ಬರುತ್ತೇನೆ ಅಂದಿದ್ದಾನೆ. ಎಷ್ಟು ಅಂತ ನಾನು ಹೇಳಿಲ್ಲ, ಅತ್ತೆ ಬಂದು ಹೇಳ್ತಾರೆ ಅಂದಿದ್ದೇನೆ. ನೆಲಕ್ಕೆ ಬಿದ್ದದ್ದು ಬೇಡ, ತೊಟ್ಟಿರುವ ಮಿಡಿಯೇ ಬೇಕು ಅಂತ ಮಾತ್ರ ಗಟ್ಟಿಯಾಗಿ ಹೇಳಿದೆ. ತೊಟ್ಟು ಮುರಿದು ಸೊನೆ ಹೋದರೆ ಪರಿಮಳವೇ ಹೋಗುತ್ತದೆ ಅಂತ ನೀವು ಹೇಳಿದ್ದು ನೆನಪಿದೆ. ಎಣಿಸೋದು, ಒರೆಸೋದು, ಸಾಸಿವೆ ಬೀಸೋದು ನನಗೂ ಇವರಿಗೂ ಇರಲಿ. ನೀವು ಕುರ್ಚಿ ಹಾಕಿಕೊಂಡು ಹದ ನೋಡಿ, ಬೈಯಿರಿ. ನನ್ನ ಉಪ್ಪಿನ ಕೈ ನಿಮಗೆ ಗೊತ್ತೇ ಇದೆ. ಹಿಂದೊಂದು ಸಲ ಇಡೀ ಭರಣಿಗೆ ಬೂಸು ಬರಿಸಿದವಳು.

ಬರುವಾಗ ಸಾಣಿಕಟ್ಟಾ ಉಪ್ಪು ತರಬೇಕು, ಆ ಹರಳುಪ್ಪೇ. ಇಲ್ಲಿ ಡಬ್ಬ ಖಾಲಿಯಾಗಿದೆ. ಎಷ್ಟು ಕಿಲೋ ಬೇಕು ಅಂತ ಇವರು ನನ್ನನ್ನು ಕೇಳಿದರು. ಅಮ್ಮನನ್ನೇ ಕೇಳಿ ಅಂದೆ.

ನಿಮ್ಮ
ಸುಮಾ