ಬೇಕರಿಯ ಸೋಷಿಯಲ್ ಮೀಡಿಯಾ: ಮೊದಲ 90 ದಿನದ ಪ್ಲಾನ್

ನಾವಿರುವುದೇ ನಾಲ್ಕು ಜನ. ದಿನಾ ಮೂರು ಪೋಸ್ಟ್ ಅಂತ ಹೊರಟರೆ ಎರಡನೇ ವಾರಕ್ಕೇ ಸುಸ್ತಾಗುತ್ತೇವೆ. ಹಾಗಾಗಿ ಗುರಿ ಒಂದೇ: ನಡೆದುಕೊಂಡು ಬರುವಷ್ಟು ಹತ್ತಿರ ಇರುವವರಿಗೆ ನಮ್ಮಲ್ಲಿ ಬ್ರೆಡ್ ಯಾವಾಗ ಬಿಸಿ ಇರುತ್ತದೆ ಅಂತ ಗೊತ್ತಾಗಬೇಕು. ದೂರದ ಊರಿನ ಫಾಲೋವರ್‌ಗಳು ಸಂಜೆ ಬನ್ ತಗೊಳ್ಳೋಕೆ ಬರಲ್ಲ, ಅಲ್ವಾ?

ದಿನ 1–15: ಮನೆ ಸರಿಮಾಡಿಕೊಳ್ಳೋಣ

ಮೊದಲು ಗೂಗಲ್ ಮ್ಯಾಪ್. ಅಂಗಡಿ ತೆರೆಯುವ ಸಮಯ, ರಜೆ, ಫೋನ್ ನಂಬರ್, ರಸ್ತೆಯಿಂದ ಕಾಣುವ ಹಾಗೆ ಬೋರ್ಡಿನ ಫೋಟೊ. ಆಮೇಲೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್, ಇನ್‌ಸ್ಟಾಗ್ರಾಂನಲ್ಲಿ ಬಿಸಿನೆಸ್ ಖಾತೆ. ಇವು ಮೂರೇ ಸಾಕು. ಬೇರೆ ಆ್ಯಪ್‌ಗಳ ಮಾತು 90 ದಿನ ಆದಮೇಲೆ.

ಕೌಂಟರ್ ಮೇಲೆ ಕ್ಯೂಆರ್ ಕೋಡ್ ಇಡುತ್ತೇವೆ. ಬಿಲ್ ಮಾಡುವಾಗ ಹೇಳಬೇಕಾದ್ದು ಇಷ್ಟೇ: "ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಬ್ರೆಡ್ ಬಂದ ತಕ್ಷಣ ತಿಳಿಸ್ತೀವಿ." ನಂಬರ್ ಸೇವ್ ಮಾಡಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್ ಲಿಸ್ಟಿನ ಮೆಸೇಜ್ ತಲುಪುವುದಿಲ್ಲ. ಈ ಮಾತು ಮರೆಯಬೇಡಿ. ಬೇಡ ಅಂದವರನ್ನು ಒತ್ತಾಯಿಸಬೇಡಿ.

ದಿನ 16–60: ಓವನ್ ಜೊತೆ ಹೆಜ್ಜೆ

ದಿನಾ ಎರಡೇ ಸ್ಟೇಟಸ್, ಬೆಳಿಗ್ಗೆ ಒಂದು, ಸಂಜೆ ಒಂದು. ಟ್ರೇ ಹೊರಗೆ ಬಂದಾಗ ಓವನ್ ನೋಡಿಕೊಳ್ಳುವವರು ಫೋಟೊ ತೆಗೆದು ಕೌಂಟರಿನವರಿಗೆ ಕಳಿಸಬೇಕು. ಹಿಟ್ಟಿನ ಕೈಯಲ್ಲಿ ಟೈಪ್ ಮಾಡುವುದು ಬೇಡ, ಬರಹ ಕೌಂಟರಿನವರದು. "ಬನ್ ಈಗಷ್ಟೇ ಬಂತು, 40 ಇದೆ" ಅಂದರೆ ಮುಗಿಯಿತು. ಖಾಲಿಯಾದರೆ ಅದನ್ನೂ ಹಾಕಿ. ಬಂದವರು ಬರಿಗೈಲಿ ವಾಪಸ್ ಹೋಗಬಾರದು.

ರೀಲ್ ವಾರಕ್ಕೆ ಒಂದು, ಮಂಗಳವಾರ ಮಧ್ಯಾಹ್ನ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ. ಫೋನ್ ನೆಟ್ಟಗೆ ಹಿಡಿಯಿರಿ, ಕಿಟಕಿ ಬೆಳಕು ಪಕ್ಕದಿಂದ ಬರಲಿ. ಹಿಟ್ಟು ಉಬ್ಬುವುದು, ಬ್ರೆಡ್ ಕತ್ತರಿಸುವಾಗಿನ ಕರಕರ ಸದ್ದು, ಕೇಕ್ ಮೇಲೆ ಹೆಸರು ಬರೆಯುವ ಕೈ. ಆ ಸದ್ದೇ ಸಾಕು, ಸುಮ್ನೆ ಹಾಡು ತುಂಬಬೇಡಿ. ಗಿರಾಕಿಗಳ ಮುಖ, ಅದರಲ್ಲೂ ಮಕ್ಕಳದು, ಕೇಳದೆ ಹಾಕುವಂತಿಲ್ಲ.

ಮೊಟ್ಟೆ, ಹಾಲು, ಗೋಡಂಬಿ ಇದೆಯಾ ಅಂತ ಯಾರಾದರೂ ಕೇಳಿದರೆ ಅಂದಾಜಿನ ಉತ್ತರ ಬೇಡ. ಓವನ್ ಹತ್ತಿರ ಕೇಳಿಯೇ ಬರೆಯಿರಿ.

ದಿನ 61–90: ಆರ್ಡರ್ ಕಡೆಗೆ

ಗುರುವಾರ ಕೇಕ್ ಆರ್ಡರ್ ಪೋಸ್ಟ್, ಶುಕ್ರವಾರ ಸಂಜೆ 6ಕ್ಕೆ ವಾರಾಂತ್ಯದ ಆರ್ಡರ್ ಬಂದ್. ಖುಷಿಯಾದವರಿಗೆ ರಿವ್ಯೂ ಬರೆಯಿರಿ ಅಂತ ಕೇಳಬಹುದು. ಅದಕ್ಕೆ ಫ್ರೀ ಕುಕೀ ಕೊಡುವುದು ಮಾತ್ರ ಗೂಗಲ್ ನಿಯಮಕ್ಕೆ ವಿರುದ್ಧ. ಬೈದು ಬರೆದವರಿಗೆ ನಾನೇ ಅದೇ ದಿನ ಉತ್ತರ ಕೊಡುತ್ತೇನೆ, ನೀವು ಜಗಳಕ್ಕಿಳಿಯಬೇಡಿ.

ಲೆಕ್ಕ

ಲೈಕ್ ಎಣಿಸುವುದಿಲ್ಲ. ಸ್ಟೇಟಸ್ ನೋಡಿ ಬಂದೆ ಅಂದವರಿಗೆ ಬಿಲ್ ಪುಸ್ತಕದಲ್ಲಿ ಒಂದು ಗೀಟು, ವಾಟ್ಸಾಪ್ ಆರ್ಡರ್‌ಗೆ ಇನ್ನೊಂದು. ಸೋಮವಾರ ಅಂಗಡಿ ಮುಚ್ಚಿದ ಮೇಲೆ ಹತ್ತು ನಿಮಿಷ ಕೂತು ನೋಡೋಣ. 45ನೇ ದಿನಕ್ಕೂ ರೀಲ್ ನೋಡಿ ಯಾರೂ ಬಂದಿಲ್ಲವಾದರೆ ರೀಲ್ ನಿಲ್ಲಿಸಿ, ಆ ಸಮಯವನ್ನು ಕ್ಯಾಟಲಾಗ್ ಫೋಟೊಗಳಿಗೆ ಕೊಡೋಣ.